ಹಾರದ ಕೆಳಗಿನ ಶೇರ್ವಾನಿ

ಮದುವೆ ಫೋಟೊದಲ್ಲಿ ಗಂಡಿನ ಬಟ್ಟೆ ಬದಲಿಸಿಕೊಡಿ ಎಂದು ಬರುವವರು ಬಟ್ಟೆಯದೇ ಮಾತಾಡುತ್ತಾರೆ. ಬಣ್ಣ ಯಾವುದು, ಜರಿ ಎಷ್ಟು, ಗುಂಡಿ ಬಂಗಾರದ ಬಣ್ಣದ್ದೋ ಬಟ್ಟೆ ಹೊದಿಸಿದ್ದೋ, ಹೀಗೆ. ಹಾರದ ಮಾತು ಬರುವುದು ಎದ್ದು ಹೊರಡುವಾಗ: 'ಹಾರ ಹಾಗೇ ಇರ್ಲಿ ಸಾರ್. ಇಬ್ರೂ ನಿಂತಿರೋದೂ ಹಾಗೇ ಇರ್ಲಿ.' ಆಲ್ಬಂ ಕೆಲಸ ಮಾಡುವ ನಮಗೆ ನಿಜವಾದ ಕೆಲಸ ಒಪ್ಪಿಸಿದ್ದು ಆ ಮಾತಿನಲ್ಲಿ. ಹಾರವನ್ನೂ ತೆಗೆದುಬಿಡಿ ಎಂದಿದ್ದರೆ ಕತ್ತಿನಿಂದ ಕೆಳಗೆ ಬೇರೆ ಫೋಟೊದ ಮೈ ತಂದು ಜೋಡಿಸಿ ಮುಗಿಸಬಹುದಿತ್ತು. ಹಾರ ಉಳಿಯಬೇಕೆಂದರೆ ಅದರ ಒಂದೊಂದು ಹೂವಿನ ಅಂಚಿನಲ್ಲೂ ಹಳೆಯ ಬಟ್ಟೆ ಹೋಗಿ ಹೊಸ ಬಟ್ಟೆ ಬರಬೇಕು.

ಒಂದು ಫೋಟೊದ ವಿಷಯ ಹೇಳುತ್ತೇನೆ. ತಂದವರು ಮದುಮಗನ ಅಕ್ಕ. 'ದೇವಸ್ಥಾನದಲ್ಲಿ ಸರಳವಾಗಿ ಮಾಡಿದ್ವಿ ಸಾರ್. ತಮ್ಮ ಬಿಳಿ ಅಂಗಿ, ಪಂಚೆ ಹಾಕ್ಕೊಂಡೇ ತಾಳಿ ಕಟ್ದ. ಆರತಕ್ಷತೆಗೆ ಅಂತ ಅಪ್ಪಾಜಿನೇ ಇಷ್ಟಪಟ್ಟು ಶೇರ್ವಾನಿ ಹೊಲಿಸಿದ್ರು. ಅಷ್ಟರಲ್ಲಿ ಅವರನ್ನೇ ಆಸ್ಪತ್ರೆಗೆ ಸೇರಿಸ್ಬೇಕಾಯ್ತು, ಆರತಕ್ಷತೆ ನಡೀಲೇ ಇಲ್ಲ. ಶೇರ್ವಾನಿ ಇನ್ನೂ ಕವರಲ್ಲೇ ಇದೆ' ಎಂದರು. ಅಪ್ಪಾಜಿ ಈಗ ಮನೆಗೆ ಬಂದಿದ್ದಾರೆ, ಅವರ ಕೋಣೆಯ ಗೋಡೆಗೆ ಒಂದು ದೊಡ್ಡ ಫೋಟೊ ಬೇಕು. ಮಾಲೆ ಬದಲಾಯಿಸಿಕೊಂಡ ಮೇಲೆ ಇಬ್ಬರೂ ಕೈ ಹಿಡಿದು ನಿಂತ ಫೋಟೊ ಅದು. ಹುಡುಗ ಹೆಂಡತಿಯ ಕಡೆಗೆ ಅರೆ ತಿರುಗಿದ್ದಾನೆ. ಕೊರಳಲ್ಲಿ ಸುಗಂಧರಾಜದ ದಪ್ಪ ಹಾರ, ನಡುನಡುವೆ ಕೆಂಪು ಗುಲಾಬಿ. ಹೆಗಲ ಮೇಲಿನ ಜರಿಯಂಚಿನ ಶಲ್ಯಕ್ಕೆ ಹೆಣ್ಣಿನ ಸೆರಗು ಗಂಟು ಬಿದ್ದಿದೆ. ಮೈಮೇಲಿರುವುದು ಬಿಳಿ ಅಂಗಿ, ಅದರ ಜಾಗಕ್ಕೆ ಬರಬೇಕಾದ ಶೇರ್ವಾನಿ ಕಡು ಮರೂನ್.

ಹೀಗೆ ಬಟ್ಟೆ ಬದಲಿಸುವ ಆಸೆ ಕಂಪ್ಯೂಟರಿನ ಜೊತೆ ಹುಟ್ಟಿದ್ದಲ್ಲ. ಹಳೆಯ ಸ್ಟುಡಿಯೊಗಳಲ್ಲಿ ಗೋಡೆಯ ಮೊಳೆಗೆ ಒಂದು ಕೋಟು, ಕಟ್ಟಿಯೇ ಇಟ್ಟ ಒಂದು ಟೈ ನೇತಾಡುತ್ತಿದ್ದವು. ಊರಿನ ಅರ್ಧ ಗಂಡಸರ ಫೋಟೊಗಳಲ್ಲಿ ಅದೇ ಕೋಟು. ಅದಕ್ಕೂ ಮೊದಲು, 19ನೇ ಶತಮಾನದಲ್ಲೇ, ಕಪ್ಪುಬಿಳುಪು ಫೋಟೊದ ಮೇಲೆ ಕುಂಚ ಹಿಡಿದು ಬಣ್ಣ ತುಂಬುವ ಕಲಾವಿದರು ನಮ್ಮ ದೇಶದಲ್ಲಿದ್ದರು. ಪೇಟದ ಬಣ್ಣ, ಜರಿಯ ಹೊಳಪು, ಒಡವೆಯ ಮಿನುಗು ಎಲ್ಲ ಕೈಯಿಂದಲೇ ಬರುತ್ತಿತ್ತು. ಅವರು ಮುಖವನ್ನು ಆದಷ್ಟೂ ಮುಟ್ಟದೆ ಬಿಟ್ಟು ಬಟ್ಟೆಯನ್ನು ದಟ್ಟವಾಗಿ ತುಂಬುತ್ತಿದ್ದ ಚಿತ್ರಗಳನ್ನು ನೋಡಿದಾಗ ನನಗೆ ಅವರ ಮೇಲೆ ಗೌರವ ಬರುತ್ತದೆ. ಯಾವುದನ್ನು ಬಿಡಬೇಕು ಎನ್ನುವುದು ಅವರಿಗೆ ತಿಳಿದಿತ್ತು.

ಶೇರ್ವಾನಿ ನಮ್ಮದಲ್ಲ, ಸಿನಿಮಾ ನೋಡಿ ಬಂದದ್ದು ಎಂದು ಮುಖ ಸಿಂಡರಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಲಬುರಗಿ, ಬೀದರ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಸೀಮೆ. ನಿಜಾಮರ ಆಡಳಿತದಲ್ಲಿ ಶೇರ್ವಾನಿ ದರ್ಬಾರಿನ ಉಡುಪು, ಅಧಿಕಾರಿಗಳ ಉಡುಪು. ಆ ಕಡೆಯ ಹಳೆಯ ಮನೆಗಳ ಗೋಡೆಯಲ್ಲಿ ಗುಂಡಿ ಗಂಟಲವರೆಗೆ ಹಾಕಿ ನಿಂತ ತಾತಂದಿರು ಸಿಗುತ್ತಾರೆ. ಆದರೆ ನನಗೆ ಇಲ್ಲಿ ಮುಖ್ಯವಾದದ್ದು ಅದರ ಹೊಲಿಗೆ. ಒಳಗೆ ಅಸ್ತರು, ಎದೆಗೆ ಕ್ಯಾನ್ವಾಸು, ಹೆಗಲಿಗೆ ಪ್ಯಾಡು, ಕತ್ತಿನ ಸುತ್ತ ನೆಟ್ಟಗೆ ನಿಲ್ಲುವ ಪಟ್ಟಿ ಕಾಲರು, ಉದ್ದ ಮೊಣಕಾಲವರೆಗೆ. ಅಂಗಿ ಮೈಗೆ ಅಂಟಿಕೊಂಡು ನೂರು ಕಡೆ ಸುಕ್ಕಾಗುತ್ತದೆ. ಶೇರ್ವಾನಿ ತನ್ನ ಆಕಾರವನ್ನು ತಾನೇ ಹಿಡಿದು ನಿಲ್ಲುತ್ತದೆ, ಮಡಿಕೆ ಬಿದ್ದರೆ ಮೊಣಕೈಯಲ್ಲಿ, ಕಂಕುಳಲ್ಲಿ, ಅದೂ ಅಗಲವಾಗಿ ಬೀಳುತ್ತದೆ. ಅಂಗಿಯ ಸುಕ್ಕಿನ ಮೇಲೆ ಮರೂನ್ ಬಣ್ಣ ಹಚ್ಚಿದರೆ ಅದು ಮರೂನ್ ಅಂಗಿಯಾಗುತ್ತದೆಯೇ ಹೊರತು ಶೇರ್ವಾನಿಯಾಗುವುದಿಲ್ಲ.

ಆದ್ದರಿಂದ ಇಂಟರ್ನೆಟ್ಟಿನಲ್ಲಿ ಸಿಗುವ ಯಾವುದೋ ಮಾಡೆಲ್‌ನ ಶೇರ್ವಾನಿ ಬೇಡ, ನಿಮ್ಮ ತಮ್ಮನಿಗೆ ಅದನ್ನೇ ತೊಡಿಸಿ ಕರೆತನ್ನಿ ಎಂದೆ. ಆ ಮೈಗೆ ಹೊಲಿದ ಬಟ್ಟೆ ಆ ಮೈಯ ಮೇಲೆ ಇರುವಂತೆ ಇನ್ನೆಲ್ಲೂ ಇರುವುದಿಲ್ಲ. ದೇವಸ್ಥಾನದ ಫೋಟೊ ಯಾವ ಲೆನ್ಸಿನಲ್ಲಿ ತೆಗೆದದ್ದು, ಐಎಸ್‌ಒ ಎಷ್ಟು ಎನ್ನುವುದು ಕ್ಯಾಮೆರಾದಿಂದ ಬಂದ ಮೂಲ ಫೈಲಿನಲ್ಲೇ ಇರುತ್ತದೆ. 50 ಎಂಎಂ ಲೆನ್ಸು, ಐಎಸ್‌ಒ 1600. ಬೆಳಕು ಎಡಗಡೆಯ ತೆರೆದ ಪ್ರಾಕಾರದಿಂದ, ಕ್ಯಾಮೆರಾ ಎದೆಯ ಎತ್ತರದಲ್ಲಿ. ಅದೇ ಲೆನ್ಸು, ಅದೇ ಎತ್ತರ, ಅಷ್ಟೇ ದೂರ ಇಟ್ಟು, ಮನೆಯ ಜಗಲಿಯಲ್ಲಿ ಎಡಗಡೆಯ ಬೆಳಕಿಗೆ ನಿಲ್ಲಿಸಿ, ಕೈ ಅದೇ ಕೋನದಲ್ಲಿ ಚಾಚಿಸಿ ತೆಗೆದೆವು. ಕೊರಳಿಗೆ ಒದ್ದೆ ಟವೆಲನ್ನು ಸುರುಳಿ ಸುತ್ತಿ ಹಾರದ ಹಾಗೆ ಹಾಕಿಸಿದೆವು. ತುಂಬು ಹೂವಿನ ಹಾರಕ್ಕೆ ತೂಕವಿದೆ, ಹೆಗಲ ಬಟ್ಟೆಯನ್ನು ಅದು ಒತ್ತುತ್ತದೆ, ಎದೆಯ ಮೇಲೆ ಬಟ್ಟೆ ಅದರ ಅಂಚಿನಲ್ಲಿ ಸ್ವಲ್ಪ ಉಬ್ಬುತ್ತದೆ. ಆ ಒತ್ತು, ಆ ಉಬ್ಬು ಇಲ್ಲದಿದ್ದರೆ ಹಾರ ಬಟ್ಟೆಯ ಮೇಲೆ ಕೂತಿಲ್ಲ, ಮುಂದೆ ತೇಲುತ್ತಿದೆ ಅನಿಸುತ್ತದೆ. ಟವೆಲು ಕಾಣುವ ಜಾಗವೆಲ್ಲ ಹೇಗೂ ಹೂವಿನ ಅಡಿಗೆ ಹೋಗುತ್ತದೆ.

ಈಗ ಹಾರಕ್ಕೆ ಬರುತ್ತೇನೆ. ಬಿಳಿ ಅಂಗಿಯ ಮೇಲೆ ಬಿಳಿ ಸುಗಂಧರಾಜ. ಫೋಟೊಶಾಪ್‌ನಲ್ಲಿ ಬಣ್ಣ ನೋಡಿ ತಾನಾಗಿ ಆಯ್ದುಕೊಳ್ಳುವ ಸಾಧನಗಳಿವೆ, ಇಲ್ಲಿ ಅವು ಹೂವು ಯಾವುದು ಅಂಗಿ ಯಾವುದು ಎಂದು ತಿಳಿಯದೆ ಎರಡನ್ನೂ ಒಟ್ಟಿಗೆ ಹಿಡಿದುಬಿಡುತ್ತವೆ. ಪೆನ್ ಟೂಲ್ ಹಿಡಿದು ದಳದ ಗುಂಟ ಕೈಯಲ್ಲೇ ಗೆರೆ ಹಾಕಿಕೊಂಡು ಹೋಗಬೇಕು. ಹೊರ ಅಂಚು ಬೇಗ ಮುಗಿಯುತ್ತದೆ. ಕಷ್ಟವಿರುವುದು ಒಳಗೆ. ಹೂವಿಗೂ ಹೂವಿಗೂ ನಡುವೆ ಸಾಸಿವೆಯಷ್ಟು, ಅಕ್ಕಿಕಾಳಿನಷ್ಟು ಸಂದುಗಳಲ್ಲಿ ಹಿಂದಿನ ಅಂಗಿ ಇಣುಕುತ್ತಿರುತ್ತದೆ. ಬಿಳಿ ಶೇರ್ವಾನಿಯಾದರೆ ಅವನ್ನು ಬಿಟ್ಟರೂ ನಡೆಯುತ್ತದೆ. ಮರೂನ್‌ಗೆ ನಡೆಯುವುದಿಲ್ಲ. ಆ ಸಂದುಗಳು ಬೆಳ್ಳಗೇ ಉಳಿದರೆ ಹಾರ ಬಟ್ಟೆಯ ಮೇಲಿನ ಹೂವಾಗದೆ ಅಂಟಿಸಿದ ಚೀಟಿಯಾಗುತ್ತದೆ. ಒಂದೊಂದನ್ನೂ ತೆರೆದು ಒಳಗೆ ಕತ್ತಲೆ ಬಿಡಬೇಕು. ಅಂಚುಗಳಲ್ಲೂ ಒಂದು ವಿಚಿತ್ರವಿದೆ. ಸುಗಂಧರಾಜದ ಅಂಚಿಗೆ ಅಂಗಿಯ ಬಿಳುಪು ಕೂದಲೆಳೆಯಷ್ಟು ಉಳಿದರೆ ದಳ ಚೂರು ದಪ್ಪ ಕಾಣುತ್ತದೆ, ಅಷ್ಟೆ. ಅದೇ ಬಿಳುಪು ಗುಲಾಬಿಯ ಅಂಚಿನಲ್ಲಿ, ಹಸಿರೆಲೆಯ ಅಂಚಿನಲ್ಲಿ ಉಳಿದರೆ ಮಾಸಲು ಗೆರೆಯಾಗಿ ಎದ್ದು ಕಾಣುತ್ತದೆ. ನಾನು ಮೊದಲು ಗುಲಾಬಿಗಳನ್ನು ಮುಗಿಸಿಯೇ ಉಳಿದದ್ದಕ್ಕೆ ಕೈ ಹಾಕುವುದು.

ಇಷ್ಟೆಲ್ಲ ಕಾಟ ಕೊಟ್ಟ ಬಿಳಿ ಅಂಗಿ ಒಂದು ದೊಡ್ಡ ಉಪಕಾರವನ್ನೂ ಮಾಡುತ್ತದೆ. ಹಾರದ ನೆರಳು ಅದರ ಮೇಲೆ ಸ್ವಚ್ಛವಾಗಿ ಮೂಡಿರುತ್ತದೆ. ಆ ಅಂಗಿಯ ಭಾಗವನ್ನು ಬೇರೆ ಲೇಯರಿಗೆ ತೆಗೆದು, ಬಣ್ಣ ಕಳೆದು, ಕರ್ವ್ಸ್‌ನಲ್ಲಿ ಬಿಳಿಯನ್ನು ಪೂರ್ತಿ ಬಿಳಿಯಾಗಿಸಿ, ಶೇರ್ವಾನಿಯ ಮೇಲೆ ಮಲ್ಟಿಪ್ಲೈ ಎಂಬ ವಿಧಾನದಲ್ಲಿ ಇಟ್ಟರೆ ಬಿಳುಪೆಲ್ಲ ಮಾಯವಾಗಿ ನೆರಳು ಮಾತ್ರ ಉಳಿಯುತ್ತದೆ. ಆ ಹೊತ್ತು ಆ ಪ್ರಾಕಾರದಲ್ಲಿ ಬಿದ್ದ ನೆರಳೇ ಹೊಸ ಬಟ್ಟೆಯ ಮೇಲೆ ಬಂದು ಕೂರುತ್ತದೆ. ಅದರ ಜೊತೆ ಅಂಗಿಯ ಸುಕ್ಕುಗಳೂ ಬರುತ್ತವೆ, ಅವನ್ನು ಒರೆಸಬೇಕು. ಎರಡನ್ನೂ ಗುರುತಿಸುವುದು ಸುಲಭ: ನೆರಳು ಹೂವಿನ ಆಕಾರವನ್ನು ಅನುಸರಿಸಿ ಹೊರಗೆ ಹೋದಂತೆ ಮಂಕಾಗುತ್ತದೆ, ಸುಕ್ಕು ತನ್ನ ದಾರಿಯಲ್ಲಿ ಓರೆಯಾಗಿ ಹೋಗುತ್ತದೆ. ಕಪ್ಪು ಅಂಗಿ ತೊಟ್ಟಿದ್ದರೆ ಈ ನೆರಳು ಸಿಗುತ್ತಿರಲಿಲ್ಲ, ಎಲ್ಲವನ್ನೂ ಊಹಿಸಿ ಬರೆಯಬೇಕಿತ್ತು.

ಹೆಗಲಲ್ಲಿ ಒಂದು ತೀರ್ಮಾನ ಮಾಡಬೇಕಾಗುತ್ತದೆ. ಪ್ಯಾಡಿನಿಂದಾಗಿ ಶೇರ್ವಾನಿಯ ಹೆಗಲು ಅಂಗಿಯ ಹೆಗಲಿಗಿಂತ ಎತ್ತರ. ಹಾಗೇ ಇಟ್ಟರೆ ಹಾರ ಬಟ್ಟೆಯೊಳಗೆ ಹುದುಗಿದಂತೆ ಕಾಣುತ್ತದೆ. ಹಾರವನ್ನು ಮೇಲಕ್ಕೆತ್ತೋಣ ಎಂದರೆ ಅದರ ತುದಿ ಹೆಣ್ಣಿನ ಬೆರಳಿನಿಂದ ದೂರ ಸರಿಯುತ್ತದೆ. ಆಕೆಯ ಬೆರಳ ತುದಿ ಆ ಹಾರದ ಕೊನೆಯ ಗುಲಾಬಿಗೆ ತಾಗಿಕೊಂಡೇ ಇತ್ತು. ಹಾಗಾಗಿ ಹಾರವನ್ನು ಕದಲಿಸಲಿಲ್ಲ. ವಾರ್ಪ್ ಮಾಡಿ ಶೇರ್ವಾನಿಯ ಹೆಗಲನ್ನೇ ಹಾರದ ಮಟ್ಟಕ್ಕೆ ಇಳಿಸಿ, ಹಾರ ದಾಟಿದ ಮೇಲೆ ತೋಳಿನ ಕಡೆ ಅದರ ಅಗಲವನ್ನು ಬಿಟ್ಟುಕೊಟ್ಟೆ. ಕತ್ತಿನಲ್ಲಿ ಕ್ರಮ ಹೀಗೆ: ಒಳಗೆ ಚರ್ಮ, ಆಮೇಲೆ ನಿಂತ ಕಾಲರು, ಹೊರಗೆ ಹಾರ. ಅಂಗಿಯ ಕಾಲರು ಹೂವಿನಡಿ ಮಡಚಿ ಹೋಗಿತ್ತು, ಪಟ್ಟಿ ಕಾಲರು ಹೂವಿಗಿಂತ ಮೇಲೆ ಕಾಣಬೇಕು.

ಗುಂಡಿಯ ಸಾಲು ಬಹಳ ಜನ ಎಡವುವ ಜಾಗ. ಹುಡುಗ ಅರೆ ತಿರುಗಿರುವುದರಿಂದ ಸಾಲು ಎದೆಯ ಮೇಲೆ ಬಾಗುತ್ತದೆ. ಗಂಟಲ ಕುಳಿಯಿಂದ ಹೊರಟು, ಎರಡು ಎಳೆ ಹೂವಿನ ನಡುವೆ ಸ್ವಲ್ಪ ಕಂಡು, ಹಾರದ ತುದಿಯ ಹಿಂದೆ ಮರೆಯಾಗಿ, ಕೆಳಗೆ ಅದೇ ಬಾಗಿನಲ್ಲಿ ಮತ್ತೆ ಹೊರಬರಬೇಕು. ನೇರವಾಗಿ ಇಳಿಸಿದರೆ ಮೈ ಚಪ್ಪಟೆಯಾಗುತ್ತದೆ. ತೋಳನ್ನು ಮಣಿಕಟ್ಟಿನ ಮೂಳೆಯ ಬಳಿಗೇ ನಿಲ್ಲಿಸಿದೆ, ಅರಿಶಿನ ಕೊಂಬು ಕಟ್ಟಿದ ಕಂಕಣ ಮುಚ್ಚಿಹೋಗಬಾರದು. ಶಲ್ಯವನ್ನು ಮುಟ್ಟಲೇ ಇಲ್ಲ. ಅದನ್ನು ತೆಗೆದರೆ ಸೆರಗಿನ ಗಂಟು ಯಾವುದಕ್ಕೆ ಕಟ್ಟಿದ್ದು ಎಂದಾಗುತ್ತದೆ. ಶೇರ್ವಾನಿಯ ಮೇಲೆ ಗಂಡಸರು ದುಪಟ್ಟಾ ಹಾಕುವುದು ರೂಢಿ, ಜರಿಯಂಚಿನ ಶಲ್ಯ ಅದರ ಜಾಗದಲ್ಲಿ ಚೆನ್ನಾಗಿಯೇ ಒಪ್ಪಿತು. ಪಂಚೆಯ ತಂಟೆಗೆ ಹೋಗಲಿಲ್ಲ. ಶೇರ್ವಾನಿ ಮುಗಿಯುವ ಮೊಣಕಾಲಿಗೇ ಚೌಕಟ್ಟು ಕತ್ತರಿಸಿದರೆ ಕಾಲುಗಳನ್ನು ಹೊಸದಾಗಿ ಹುಟ್ಟಿಸುವ ಅಗತ್ಯ ಬೀಳುವುದಿಲ್ಲ.

ಎಲ್ಲ ಸರಿಯಾದ ಮೇಲೂ ಮುಖ ಯಾಕೋ ಬೇರೆ ಎನಿಸುತ್ತಿತ್ತು. ಬಿಳಿ ಅಂಗಿ ಗಲ್ಲದ ಅಡಿಗೆ ಬೆಳಕು ಎಸೆಯುತ್ತದೆ, ಮರೂನ್ ಅಷ್ಟು ಎಸೆಯುವುದಿಲ್ಲ, ಎಸೆದದ್ದರಲ್ಲೂ ಕೆಂಪಿರುತ್ತದೆ. ಗಲ್ಲದ ಕೆಳಗೆ ಸ್ವಲ್ಪ ಕಪ್ಪು ಮಾಡಿ, ಸುಗಂಧರಾಜದ ಒಳದಳಗಳಿಗೆ ಒಂದು ಚೂರು ಕೆಂಪು ಸೋಕಿಸಿದಾಗ ಮುಖ ಬಟ್ಟೆಯ ಜೊತೆ ಕೂಡಿತು. ಜಗಲಿಯ ಫೋಟೊ ತುಂಬ ನಯವಾಗಿತ್ತು, ದೇವಸ್ಥಾನದ್ದರಲ್ಲಿ ಐಎಸ್‌ಒ 1600ರ ತರಿ ಇತ್ತು. ಬಟ್ಟೆಗೂ ಅಷ್ಟೇ ತರಿ ಸೇರಿಸಿದೆ. ಫೋಟೊವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ, ಒಮ್ಮೆ ಬಣ್ಣ ತೆಗೆದು ಬರೀ ಕಪ್ಪುಬಿಳುಪಿನಲ್ಲಿ ನೋಡಿದರೆ, ಅಭ್ಯಾಸವಾದ ಕಣ್ಣು ಬಿಟ್ಟ ತಪ್ಪುಗಳು ತಟ್ಟನೆ ಸಿಗುತ್ತವೆ. ಮೊಬೈಲಿನಲ್ಲಿ ಚೆನ್ನಾಗಿ ಕಂಡಿತೆಂದು ನಂಬಬಾರದು. 12ಕ್ಕೆ 36 ಇಂಚಿನ ಕರಿಜ್ಮಾ ಆಲ್ಬಮ್ಮಿನ ಹಾಳೆಗೆ 300 ಡಿಪಿಐನಲ್ಲಿ 10,800 ಪಿಕ್ಸೆಲ್ ಉದ್ದ ಬೇಕು. ಮೊಬೈಲಿನಲ್ಲಿ ಅಡಗಿದ್ದ ಬಿಳಿ ಸಂದು ಅಲ್ಲಿ ಉಗುರಿನ ಚೂರಿನಂತೆ ಮೇಲೆದ್ದು ಬರುತ್ತದೆ.

ಅಕ್ಕ ನೋಡಿ ಖುಷಿಪಟ್ಟು, 'ಹಾಗಾದ್ರೆ ಆಲ್ಬಮ್ಮಿನ ಎಲ್ಲಾ ಫೋಟೊಗೂ ಹಾಕಿಬಿಡಿ ಸಾರ್' ಎಂದರು. 'ಬೇಡಮ್ಮ' ಎಂದೆ. ಧಾರೆಯ ಫೋಟೊ ತೆಗೆದು ತೋರಿಸಿದೆ. ಅಲ್ಲಿ ಹುಡುಗ ತೋಳು ಮಡಚಿದ್ದಾನೆ, ಧಾರೆಯ ನೀರು ಬಿದ್ದು ಅಂಗಿಯ ತುದಿ ಒದ್ದೆಯಾಗಿ ಮೈಗೆ ಅಂಟಿದೆ. ಇನ್ನೊಂದರಲ್ಲಿ ಹೋಮದ ಮುಂದೆ ಚಕ್ಕಂಬಕ್ಕಳ ಹಾಕಿ ಕೂತಿದ್ದಾನೆ, ಪಂಚೆಯ ನೆರಿಗೆ ಮೊಣಕಾಲ ಮೇಲೆ ಹರಡಿದೆ. ಶೇರ್ವಾನಿ ಹಾಗೆ ನೆನೆಯುವುದಿಲ್ಲ, ಹಾಗೆ ಕೂರುವುದೂ ಇಲ್ಲ. ನಾನು ಎಷ್ಟು ತಿದ್ದಿದರೂ ಅಲ್ಲಿ ಒಂದು ಬಟ್ಟೆ ಇನ್ನೊಂದರಂತೆ ನಟಿಸಬೇಕಾಗುತ್ತದೆ. ಅವರು ಸ್ವಲ್ಪ ಹೊತ್ತು ನೋಡಿ, 'ಸರಿ, ಅಪ್ಪಾಜಿ ಕೋಣೆಗೆ ಇದೊಂದು, ಆಲ್ಬಮ್ಮಲ್ಲಿ ಅಂಗೀನೇ ಇರ್ಲಿ' ಎಂದರು. ಮೂಲ ಫೈಲನ್ನೂ ತಿದ್ದಿದ ಫೈಲನ್ನೂ ಬೇರೆ ಬೇರೆ ಹೆಸರಿಟ್ಟು ಒಂದೇ ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ.