ಗೇಟ್ ಹೋಯ್ತು ಅಂತ ಬರೆದ ರಾತ್ರಿ

2024ರ ಆಗಸ್ಟ್ 10, ಶನಿವಾರ ರಾತ್ರಿ. ತುಂಗಭದ್ರಾ ಡ್ಯಾಮಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಹೊಸಪೇಟೆಯಲ್ಲಿ ಮಲಗಿದ್ದ ನನಗೆ ಸುದ್ದಿ ಬಂದಾಗ ನಡುರಾತ್ರಿ ದಾಟಿತ್ತು. ನಿದ್ದೆಗಣ್ಣಲ್ಲೇ ನಮ್ಮ ವರದಿಗಾರರ ವಾಟ್ಸಾಪ್ ಗ್ರೂಪಿಗೆ ಹಾಕಿದೆ:

"ಸರ್ ಡ್ಯಾಂ ಗೇಟ್ ಹೋಯ್ತು. ನೀರು ಜೋರು. ಹೊರಟೆ."

ಗ್ರೂಪಿನವರಿಗೆ ಅಷ್ಟೇ ಸಾಕಿತ್ತು. ಆದರೆ ಅದನ್ನು ಯಾರೋ ಫಾರ್ವರ್ಡ್ ಮಾಡಿದರು. ಬೆಳಗಾಗುವಷ್ಟರಲ್ಲಿ ಕಂಪ್ಲಿಯಿಂದ ನಮ್ಮ ಚಿಕ್ಕಪ್ಪನ ಮಗನ ಫೋನು: "ಅಣ್ಣಾ, ಡ್ಯಾಮೇ ಹೋಯ್ತಂತಲ್ಲ, ಸಾಮಾನು ಕಟ್ಟಬೇಕೇನು?" ದಾರಿಯಲ್ಲಿ 'ಗೇಟ್' ಅನ್ನೋ ಪದ ಉದುರಿಹೋಗಿತ್ತು. ಎಷ್ಟನೇ ಗೇಟು, ಯಾರು ಹೇಳಿದ್ದು ಅಂತ ನಾನು ಬರೆದೇ ಇರಲಿಲ್ಲ. ಉದುರಲು ಜಾಗ ಕೊಟ್ಟವನು ನಾನೇ.

ಭಾನುವಾರ ಇದೇ ವಿಷಯ ಹೆಡ್ ಆಫೀಸಿಗೆ ಇಮೇಲ್ ಮಾಡಬೇಕಿತ್ತು, ಗಾಡಿ ಬಾಡಿಗೆಗೆ ಒಪ್ಪಿಗೆ ಕೇಳಲು. ಮೊದಲು ಗ್ರೂಪಿನ ಸಾಲುಗಳನ್ನೇ ಕಾಪಿ ಮಾಡಿ, ಮುಂದೆ "ನಿನ್ನೆ ರಾತ್ರಿ" ಅಂತ ಸೇರಿಸಿದೆ. ಕಳಿಸುವ ಮುಂಚೆ ಹೊಳೆಯಿತು: ಅವರು ಇಮೇಲ್ ತೆರೆಯುವುದು ಸೋಮವಾರ. ಆಗ 'ನಿನ್ನೆ' ಅಂದರೆ ಭಾನುವಾರ ಆಗುತ್ತದೆ. ಚಾಟಿನಲ್ಲಿ ಮೇಲಿನ ಮೆಸೇಜು, ಟೈಮು ಎಲ್ಲ ಕಣ್ಣೆದುರೇ ಇರುತ್ತವೆ. ಇಮೇಲ್ ಮಾತ್ರ ಒಂಟಿಯಾಗಿ ಹೋಗುತ್ತದೆ, ಲೆಕ್ಕದ ವಿಭಾಗದ ಇನ್ಯಾರದೋ ಟೇಬಲ್ಲಿಗೂ ಹೋಗುತ್ತದೆ. ಹಾಗಾಗಿ ತಿದ್ದಿದೆ:

"ವಿಷಯ: ತುಂಗಭದ್ರಾ 19ನೇ ಗೇಟ್ ವರದಿ – 3 ದಿನದ ವಾಹನ ಬಾಡಿಗೆಗೆ ಅನುಮತಿ ಕೋರಿ

ಮಾನ್ಯರೇ, ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಗಿದೆ. ನದಿಪಾತ್ರದ ಹಂಪಿ ಮತ್ತು ಕಂಪ್ಲಿಯಿಂದ ವರದಿ ಮಾಡಲು ಆಗಸ್ಟ್ 12ರಿಂದ 14ರವರೆಗೆ ವಾಹನ ಬೇಕಿದೆ. ಅನುಮತಿಯನ್ನು 12ರ ಬೆಳಿಗ್ಗೆ 10ರೊಳಗೆ ತಿಳಿಸಲು ಕೋರುತ್ತೇನೆ."

ಮೊದಲು 'ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ' ಅಂತಲೂ ಇತ್ತು, ತೆಗೆದೆ. ಡಿಪ್ಲೊಮಾ ಕ್ಲಾಸಿನಲ್ಲಿ ಅದನ್ನೇ ಗೌರವ ಅಂತ ಕಲಿತಿದ್ದೆವು. ನನಗೀಗ ಹಾಗನಿಸುವುದಿಲ್ಲ. ಓದುವವರು ತಿರುಗಿ ಫೋನು ಮಾಡಿ ಕೇಳದ ಹಾಗೆ ದಿನ, ಜಾಗ, ಬೇಡಿಕೆ ಬರೆಯುವುದೇ ಗೌರವ.

ಆಮೇಲೆ ಉಲ್ಟಾ ತಪ್ಪೂ ಮಾಡಿದೆ. ಚೆನ್ನಾಗಿ ಬಂದಿದೆ ಅಂತ ಆ ಇಮೇಲನ್ನೇ ಗ್ರೂಪಿಗೂ ಹಾಕಿದೆ. ಒಬ್ಬರೂ ಓದಲಿಲ್ಲ. ಫೋನಿನ ಪರದೆ ಮೇಲೆ ಕಾಣುವುದು ಮೊದಲ ಸಾಲು ಮಾತ್ರ. ಅಲ್ಲಿ 'ವಿಷಯ' ಅಂತ ಕಂಡರೆ ಸರ್ಕ್ಯುಲರ್ ಅಂದುಕೊಂಡು ಮುಂದೆ ಹೋಗುತ್ತಾರೆ. ಅಳಿಸಿ ಹೀಗೆ ಹಾಕಿದೆ:

"ಸರ್, 19ನೇ ಗೇಟ್ ಒಂದೇ ಹೋಗಿರೋದು, ಡ್ಯಾಂ ಗಟ್ಟಿ ಇದೆ – ಅಧಿಕಾರಿಗಳ ಮಾಹಿತಿ. ಒತ್ತಡ ಇಳಿಸೋಕೆ ಬೇರೆ ಗೇಟೂ ತೆಗೆದಿದ್ದಾರೆ. 12–14 ಹಂಪಿ, ಕಂಪ್ಲಿಯಲ್ಲಿ ಇರ್ತೀನಿ."

ಇದನ್ನೂ ಫಾರ್ವರ್ಡ್ ಮಾಡಿದರು. ಸಂಜೆ ಕಂಪ್ಲಿಯಿಂದ ತಮ್ಮನ ಮೆಸೇಜು ಬಂತು: "ಸಾಮಾನು ಬಿಚ್ಚಿದ್ವಿ ಅಣ್ಣಾ."