ನೂರು ಯಾವುದು?

ಅಣಕು ಪರೀಕ್ಷೆ ಎನ್ನುವ ಮಾತನ್ನು ಯಾರು ಹುಟ್ಟುಹಾಕಿದರೋ ಕಾಣೆ. ಮಕ್ಕಳು ಪರೀಕ್ಷೆಯನ್ನು ಅಣಕಿಸುತ್ತಾರೋ, ಪರೀಕ್ಷೆ ಮಕ್ಕಳನ್ನು ಅಣಕಿಸುತ್ತದೆಯೋ ಹೆಸರಿನಿಂದ ತಿಳಿಯುವುದಿಲ್ಲ. ನಮ್ಮ ಶಾಲೆಗಳಲ್ಲಿ ಇದಕ್ಕೆ ಪೂರ್ವಸಿದ್ಧತಾ ಪರೀಕ್ಷೆ ಎಂಬ ಗಂಭೀರವಾದ ಹೆಸರಿದೆ. ಹೆಸರು ಯಾವುದಾದರೂ ಇರಲಿ, ಬರೆದಾದ ಮೇಲೆ ಎಲ್ಲರೂ ನೋಡುವುದು ಬಂದ ಅಂಕವನ್ನು. ಹೋದ ಅಂಕ ಎಲ್ಲಿ ಹೋಯಿತು ಎಂದು ಹುಡುಕುವವರು ಕಡಿಮೆ. ಹುಡುಕಿದವರೂ ಪಾಠದ ಹೆಸರು ಸಿಕ್ಕ ಕೂಡಲೇ ನಿಲ್ಲಿಸಿಬಿಡುತ್ತಾರೆ.

ನನ್ನ ಅಕ್ಕನ ಮಗಳು ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಕುಳಿತು ಎರಡು ಸಲ ಹಿಂದಿರುಗಿ ಬಂದಿದ್ದಳು. ನಾವೆಲ್ಲ ಇನ್ನೂ ಗುಮಾಸ್ತರ ಹುದ್ದೆ ಎಂದೇ ಕರೆಯುವ ಕೆಲಸಕ್ಕೆ ಐಬಿಪಿಎಸ್‌ನವರು ನಡೆಸುವ ಪರೀಕ್ಷೆ ಅದು. ಮೊದಲ ಹಂತದಲ್ಲಿ ನೂರು ಪ್ರಶ್ನೆ, ಒಂದು ಗಂಟೆ. ಅದರಲ್ಲಿ ಲೆಕ್ಕದ ಭಾಗಕ್ಕೆ 35 ಪ್ರಶ್ನೆ, 20 ನಿಮಿಷ. ತಪ್ಪು ಉತ್ತರವೊಂದಕ್ಕೆ ಕಾಲು ಅಂಕ ಕಡಿತ. ಸಾಮಾನ್ಯ ವರ್ಗದವರಿಗೆ ವಯಸ್ಸಿನ ಮಿತಿ 28, ಇವಳಿಗಾಗಲೇ 26. ಭಾವನವರು ಬೇರೆ, "ಇದೊಂದು ಸಲ ನೋಡೋಣ, ಆಮೇಲೆ ಗಂಡು ಹುಡುಕೋದೇ" ಎಂದು ಹೇಳಿಟ್ಟಿದ್ದರು. ಮದುವೆ ಕೆಟ್ಟದ್ದಲ್ಲ. ಆದರೆ ಸೋತು ಕೈಚೆಲ್ಲಿದ ಹುಡುಗಿಯನ್ನು ಅಲಂಕಾರ ಮಾಡಿ ಹಸೆಮಣೆಯ ಮೇಲೆ ಕೂರಿಸುವುದನ್ನು ನೆನೆದರೆ ನನಗೆ ಸಂಕಟವಾಗುತ್ತಿತ್ತು.

ಹುಡುಗಿ ಸೋಮಾರಿಯಲ್ಲ. ಕಂಪ್ಯೂಟರಿನಲ್ಲಿ ಆರು ಅಣಕು ಪರೀಕ್ಷೆ ಬರೆದಿದ್ದಳು. ಪ್ರತಿ ಸಲವೂ ಯಾವ ಪಾಠದಲ್ಲಿ ಎಷ್ಟು ತಪ್ಪು ಎಂದು ಕೆಂಪು ಬಣ್ಣದಲ್ಲಿ ಪಟ್ಟಿ ಬರುತ್ತಿತ್ತು: ಶೇಕಡ, ಲಾಭ-ನಷ್ಟ, ಬಡ್ಡಿ, ಅಂಕಿಅಂಶದ ಕೋಷ್ಟಕ, ಕಾಲ ಮತ್ತು ಕೆಲಸ. ಇವಳು ಆಯಾ ಪಾಠವನ್ನು ಪುಸ್ತಕದಲ್ಲಿ ಮೊದಲಿಂದ ಓದುವಳು, ಹಿಂದಿನ ಅಭ್ಯಾಸದಲ್ಲಿ 20ಕ್ಕೆ 18 ಸರಿ ಮಾಡುವಳು. ಮುಂದಿನ ಪರೀಕ್ಷೆಯಲ್ಲಿ ಮತ್ತೆ ಅದೇ ಪಾಠ ಕೆಂಪು. "ನನ್ನ ತಲೆಗೆ ಲೆಕ್ಕ ಹತ್ತೋದಿಲ್ಲ ಬಿಡು ಚಿಕ್ಕಮ್ಮ" ಎನ್ನುವ ಹಂತಕ್ಕೆ ಬಂದಿದ್ದಳು.

ನಾನು ಬಿ.ಎ. ಓದಿದವಳು, ಕನ್ನಡ ಮತ್ತು ಸಮಾಜ ವಿಜ್ಞಾನದ ಮೇಡಂ. ಚಕ್ರಬಡ್ಡಿಯ ಸೂತ್ರ ಕೇಳಿದರೆ ಒಂದು ಗಳಿಗೆ ಯೋಚಿಸಬೇಕು. ಆದರೆ ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವರಿಗೆ ತಪ್ಪಿನ ಮುಖಪರಿಚಯ ಇರುತ್ತದೆ. "ನನಗೆ ಪಟ್ಟಿ ಬೇಡ, ನಿನ್ನ ರಫ್ ಪುಸ್ತಕ ಕೊಡು" ಎಂದೆ. ಅಕ್ಕನ ಮನೆಯಲ್ಲಿ ಕಾಗದ ವ್ಯರ್ಥ ಮಾಡುವ ಪದ್ಧತಿ ಇಲ್ಲದಿದ್ದುದು ಒಳ್ಳೆಯದಾಯಿತು. ಆರೂ ಪರೀಕ್ಷೆಯ ಗೀಚಾಟ ಭಾವನವರ ಹಳೆಯ ಡೈರಿಯೊಂದರಲ್ಲಿ ಉಳಿದಿತ್ತು.

ಶೇಕಡದ ಬಳಗಕ್ಕೆ ಸೇರಿದ ನಾಲ್ಕು ಪಾಠಗಳಲ್ಲಿ ಒಟ್ಟು 31 ತಪ್ಪುಗಳಿದ್ದವು. ಮೊದಲು ಅವನ್ನು ಗಡಿಯಾರವಿಲ್ಲದೆ, ಪುಸ್ತಕದ ಉತ್ತರ ನೋಡದೆ, ಹೊಸದಾಗಿ ಮಾಡು ಎಂದೆ. ಉತ್ತರ ನೋಡಬಾರದೆಂಬ ಕಟ್ಟುಪಾಡು ಮುಖ್ಯ. ಬಿಡಿಸಿದ ಲೆಕ್ಕವನ್ನು ಓದಿದರೆ ಯಾರಿಗೂ "ಓ, ಇಷ್ಟೇನಾ!" ಅನ್ನಿಸುತ್ತದೆ, ನೆರೆಮನೆಯಾಕೆ ರಂಗೋಲಿ ಹಾಕುವುದನ್ನು ನೋಡಿದಾಗ ನಮಗೂ ಬಂದೇಬಿಟ್ಟಿತು ಅನ್ನಿಸುವ ಹಾಗೆ. ಹೊಸದಾಗಿ ಮಾಡಿದಾಗ ಒಂಬತ್ತು ಸರಿಯಾದವು. ಅವು ಅವಸರದ ತಪ್ಪುಗಳು. 22 ಮತ್ತೆ ತಪ್ಪಾದವು. ಒಂದು ವಾರ ಬಿಟ್ಟು ನಿಧಾನವಾಗಿ ಮಾಡಿದರೂ ಅದೇ ಕಡೆ ಕಾಲು ಜಾರಿದರೆ ಅದನ್ನು ಅವಸರ ಎನ್ನಲಾಗದು. ಅಲ್ಲಿ ಏನೋ ಕೂತಿದೆ.

ಆಮೇಲೆ ಪ್ರತಿಯೊಂದು ಲೆಕ್ಕದಲ್ಲೂ ಪೆನ್ನು ಮೊಟ್ಟಮೊದಲು ದಾರಿ ತಪ್ಪಿದ ಸಾಲನ್ನು ಹುಡುಕಿ, ಅಲ್ಲಿ ಏನು ಮಾಡಿದಳೆಂದು ಅವಳ ಮಾತಿನಲ್ಲೇ ಬರೆಸಿದೆ. ಕೊನೆಯ ಉತ್ತರ ನೋಡಿದರೆ ಏನೂ ತಿಳಿಯುವುದಿಲ್ಲ. ಸಾರು ಕೆಟ್ಟಿದೆ ಎಂಬುದು ಮಾತ್ರ ಗೊತ್ತಾಗುತ್ತದೆ, ಉಪ್ಪು ಹೆಚ್ಚಾಯಿತೋ ಹುಣಿಸೆ ಹೆಚ್ಚಾಯಿತೋ ತಿಳಿಯದು.

ಒಂದು ಲೆಕ್ಕ ಹೀಗಿತ್ತು. ವ್ಯಾಪಾರಿ ಸೀರೆಯೊಂದನ್ನು 960 ರೂಪಾಯಿಗೆ ಮಾರಿದಾಗ ಶೇಕಡ 20 ನಷ್ಟವಾಯಿತು. ಕೊಂಡ ಬೆಲೆ ಎಷ್ಟು? ಇವಳು 960ರ ಶೇಕಡ 20, ಅಂದರೆ 192 ತೆಗೆದು, ಅದನ್ನು ಕೂಡಿಸಿ 1152 ಎಂದು ಬರೆದಿದ್ದಳು. ಕೊಟ್ಟ ಐದು ಉತ್ತರಗಳಲ್ಲಿ 1152 ಕೂಡ ಇತ್ತು! ಪ್ರಶ್ನೆ ತೆಗೆಯುವವರಿಗೆ ಮಕ್ಕಳು ಎಲ್ಲಿ ಬೀಳುತ್ತಾರೆಂಬುದು ಚೆನ್ನಾಗಿ ಗೊತ್ತು. ಅಲ್ಲೇ ಚಾಪೆ ಹಾಸಿಟ್ಟಿರುತ್ತಾರೆ. "ಸರಿ, 1152ಕ್ಕೆ ಕೊಂಡ ಸೀರೆಯನ್ನು ಶೇಕಡ 20 ನಷ್ಟಕ್ಕೆ ಮಾರಿ ತೋರಿಸು" ಎಂದೆ. 230 ರೂಪಾಯಿ 40 ಪೈಸೆ ಕಳೆದಳು, 921 ರೂಪಾಯಿ 60 ಪೈಸೆ ಉಳಿಯಿತು. 960 ಬರಲಿಲ್ಲ. ಹುಡುಗಿ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ನಷ್ಟ ಆಗಿರುವುದು ಕೊಂಡ ಬೆಲೆಯ ಮೇಲೆ. ಕೊಂಡ ಬೆಲೆ 100 ಆದರೆ ಮಾರಿದ್ದು 80. ಆ 80 ಭಾಗವೇ 960 ರೂಪಾಯಿ. ಒಂದು ಭಾಗಕ್ಕೆ 12 ರೂಪಾಯಿ, ನೂರು ಭಾಗಕ್ಕೆ 1200.

ಇನ್ನುಳಿದ ಪುಟಗಳನ್ನು ಈ ಕಣ್ಣಿನಿಂದ ನೋಡುತ್ತಾ ಹೋದೆವು. ಶೇಕಡದ ಪಾಠದಲ್ಲಿ: ಬೆಲೆ ಶೇಕಡ 20 ಇಳಿಯಿತು, ಮೊದಲಿನಷ್ಟಾಗಲು ಶೇಕಡ ಎಷ್ಟು ಏರಬೇಕು? ಇವಳು 20 ಎಂದಿದ್ದಳು. 100 ಇದ್ದದ್ದು 80 ಆಗಿದೆ. ಈಗ 80ರ ಮೇಲೆ 20 ಏರಬೇಕು, ಅದು ಶೇಕಡ 25. ಕೋಷ್ಟಕದ ಪ್ರಶ್ನೆಯಲ್ಲಿ: ಖಾತೆಗಳು 400ರಿಂದ 500ಕ್ಕೆ ಏರಿವೆ, ಹೆಚ್ಚಳ ಶೇಕಡ ಎಷ್ಟು? ಇವಳು 100ನ್ನು 500ರಿಂದ ಭಾಗಿಸಿ 20 ಎಂದಿದ್ದಳು. ಹೆಚ್ಚಳವನ್ನು ಮೊದಲಿದ್ದ 400ಕ್ಕೆ ಹೋಲಿಸಬೇಕು, ಆಗ 25. ಬಡ್ಡಿಯಲ್ಲಿ: ಹತ್ತು ಸಾವಿರಕ್ಕೆ ಶೇಕಡ 10ರಂತೆ ಎರಡು ವರ್ಷದ ಚಕ್ರಬಡ್ಡಿ ಸೇರಿ ಒಟ್ಟು 12,000 ಎಂದಿದ್ದಳು. ಎರಡನೆಯ ವರ್ಷ ಬಡ್ಡಿ ಹುಟ್ಟುವುದು 11,000ದ ಮೇಲೆ, 12,100 ಆಗಬೇಕು. ನಾಲ್ಕು ಪಾಠ, ನಾಲ್ಕು ಹೆಸರು. ಆ 22ರಲ್ಲಿ 16 ತಪ್ಪುಗಳು ಒಂದೇ ತಪ್ಪು: ಯಾವುದನ್ನು ನೂರು ಎಂದುಕೊಳ್ಳಬೇಕು ಎಂದು ಕೇಳಿಕೊಳ್ಳದೆ, ಕಣ್ಣಿಗೆ ಬಿದ್ದ ಸಂಖ್ಯೆಯ ಶೇಕಡ ತೆಗೆದುಬಿಡುವುದು.

ಪಾಠವನ್ನು ಮತ್ತೆ ಮತ್ತೆ ಓದಿದರೂ ಇದು ಯಾಕೆ ಹೋಗಲಿಲ್ಲ? ಅವಳ ಪುಸ್ತಕ ತಿರುವಿದಾಗ ಕಾರಣ ಸಿಕ್ಕಿತು. ಪ್ರತಿ ಪಾಠದ ಆರಂಭದ ಲೆಕ್ಕಗಳಲ್ಲಿ ಕೊಂಡ ಬೆಲೆಯನ್ನೇ ಕೊಟ್ಟಿರುತ್ತಾರೆ. 500ಕ್ಕೆ ಕೊಂಡದ್ದನ್ನು ಶೇಕಡ 10 ಲಾಭಕ್ಕೆ ಮಾರಿದರೆ ಎಷ್ಟು ಎಂದರೆ, ಕಣ್ಣಿಗೆ ಬಿದ್ದ ಸಂಖ್ಯೆಯೇ ನೂರು. ಅವಳ ಕೆಟ್ಟ ಅಭ್ಯಾಸಕ್ಕೂ ಅಲ್ಲಿ ಸರಿ ಉತ್ತರವೇ ಬರುತ್ತದೆ, ಹೀಗಾಗಿ ಅಭ್ಯಾಸ ಇನ್ನಷ್ಟು ಗಟ್ಟಿಯಾಗುತ್ತದೆ. ಕಷ್ಟದ ಲೆಕ್ಕಗಳೋ, ಒಂದೇ ಜಾತಿಯವು ಒಂದೇ ಪುಟದಲ್ಲಿ ಸಾಲಾಗಿ ನಿಂತಿರುತ್ತವೆ. ಮೊದಲನೆಯದನ್ನು ಹೇಗೆ ಮಾಡಿದರೋ ಉಳಿದವನ್ನೂ ಹಾಗೆಯೇ ಮಾಡಿದರಾಯಿತು. 20ಕ್ಕೆ 18 ಬರುತ್ತಿದ್ದುದು ಹೀಗೆ. ಪರೀಕ್ಷೆಯಲ್ಲಿ ತಲೆಬರಹವೂ ಇಲ್ಲ, ಅಕ್ಕಪಕ್ಕದ ಲೆಕ್ಕದ ಆಸರೆಯೂ ಇಲ್ಲ. ಅದರ ಮೇಲೆ ಭಾಷೆಯ ತೊಡಕು ಬೇರೆ. "ಶೇಕಡ 20 ನಷ್ಟವಾಯಿತು" ಎಂಬ ವಾಕ್ಯದಲ್ಲಿ ಯಾವುದರ ಶೇಕಡ ಎಂಬ ಮಾತೇ ಇಲ್ಲ. ಬೇರೆ ಹೇಳದಿದ್ದರೆ ಲಾಭ-ನಷ್ಟ ಕೊಂಡ ಬೆಲೆಯ ಮೇಲೆ, ರಿಯಾಯಿತಿ ಚೀಟಿಯಲ್ಲಿ ಬರೆದ ಬೆಲೆಯ ಮೇಲೆ, ಏರಿಕೆ-ಇಳಿಕೆ ಮೊದಲಿದ್ದುದರ ಮೇಲೆ ಎಂಬುದನ್ನು ಓದುವವರೇ ತುಂಬಿಕೊಳ್ಳಬೇಕು.

ಒಳಗೆ ಸೊಪ್ಪು ಬಿಡಿಸುತ್ತಿದ್ದ ಅಕ್ಕ ಎಲ್ಲ ಕೇಳಿಸಿಕೊಂಡು ಬಂದಳು. "ಆಷಾಢದ ಸೇಲಿನಲ್ಲಿ ಇಪ್ಪತ್ತು ಪರ್ಸೆಂಟು ಬಿಟ್ಟು, ಅದರ ಮೇಲೆ ಇನ್ನೂ ಹತ್ತು ಅಂತಾರಲ್ಲ, ಅದು ಮೂವತ್ತಾಗತ್ತೇನೇ? ಸಾವಿರದ ಸೀರೆ ಎಂಟುನೂರಕ್ಕೆ ಬಂದಮೇಲೆ ಹತ್ತು ಬಿಡೋದು ಎಂಟುನೂರಕ್ಕೆ. ಏಳುನೂರ ಇಪ್ಪತ್ತು ಕೊಡಬೇಕು" ಎಂದಳು. ಬಿಟ್ಟದ್ದು 280, ಅಂದರೆ ಶೇಕಡ 28. ಎಸ್.ಎಸ್.ಎಲ್.ಸಿ.ಯಲ್ಲಿ ಲೆಕ್ಕದಲ್ಲಿ ನಪಾಸಾದ ನಮ್ಮಕ್ಕ! ಮಗಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಂಗಡಿಯಲ್ಲಿ ಅಕ್ಕನ ಕಣ್ಣು ಸದಾ ತನ್ನ ಪರ್ಸಿನ ಮೇಲೆ ಇರುತ್ತದೆ, ಹಾಗಾಗಿ ನೂರು ಯಾವುದೆಂದು ಮರೆಯುವ ಪ್ರಶ್ನೆಯೇ ಇಲ್ಲ.

ಮದ್ದು ಸರಳವೇ ಇತ್ತು. ಆರು ಪರೀಕ್ಷೆಗಳಿಂದ ನಾಲ್ಕೂ ಪಾಠದ ಹತ್ತು ಲೆಕ್ಕ ಆರಿಸಿ, ಪಾಠದ ಹೆಸರಿಲ್ಲದೆ ಕಲಸಿ ಚೀಟಿಯಲ್ಲಿ ಬರೆದೆ. ಉತ್ತರ ಬೇಡ, ಒಂದೊಂದರ ಪಕ್ಕದಲ್ಲಿ "ನೂರು ಎಂದರೆ ಇದು" ಎಂದು ಮಾತ್ರ ಬರೆ ಎಂದೆ. ಮೊದಲ ದಿನ ಐದು ಸರಿ. ಮರುದಿನ ಮಾಡಿಸಲಿಲ್ಲ, ಮರುದಿನ ಮಾಡಿದರೆ ನೆನಪು ಉತ್ತರ ಹೇಳುತ್ತದೆ. ಮೂರು ದಿನ ಬಿಟ್ಟು ಬೇರೆ ಹತ್ತು, ಆಮೇಲೆ ವಾರ ಬಿಟ್ಟು ಇನ್ನೂ ಹತ್ತು. ಮೂರನೆಯ ಸಲಕ್ಕೆ ಒಂಬತ್ತು ಸರಿಯಾದವು.

ಕಾಲ ಮತ್ತು ಕೆಲಸದ ಕಥೆಯೇ ಬೇರೆ. ಅದೂ ಪಟ್ಟಿಯಲ್ಲಿ ಅಷ್ಟೇ ಕೆಂಪಾಗಿತ್ತು. ಒಂಬತ್ತು ತಪ್ಪು. ನಿಧಾನವಾಗಿ ಮಾಡಿದಾಗ ಏಳು ಸರಿಯಾದವು! ಪ್ರಶ್ನೆಯ ಸಂಖ್ಯೆ ನೋಡಿದರೆ ಆರು 30ರ ಆಚೆಯವು, ಡೈರಿಯಲ್ಲಿ ಅವುಗಳಿಗೆ ಒಂದು ಗೀರೂ ಇರಲಿಲ್ಲ. ಸಮಯ ಮುಗಿಯುತ್ತಾ ಬಂದಾಗ ಕಣ್ಣುಮುಚ್ಚಿ ಒತ್ತಿದ ಉತ್ತರಗಳು ಅವು. ಕಾರಣ ಹುಡುಕಿದರೆ, ನಡುವೆ ಬರುವ ಐದು ಪ್ರಶ್ನೆಯ ಕೋಷ್ಟಕವೊಂದು ಅವಳ 20 ನಿಮಿಷದಲ್ಲಿ ಏಳನ್ನು ನುಂಗುತ್ತಿತ್ತು. ಆ ಪಾಠವನ್ನು ಅವಳು ಇನ್ನು ಹತ್ತು ಸಲ ಓದಿದರೂ ಕೆಂಪು ಹೋಗುತ್ತಿರಲಿಲ್ಲ. ಕೋಷ್ಟಕವನ್ನು ಕೊನೆಗೆ ಇಟ್ಟುಕೋ ಎಂದೆ, ಅಷ್ಟೇ.

ಅಂದಿನಿಂದ ಊಹಿಸಿ ಒತ್ತಿದ ಪ್ರಶ್ನೆಯ ಸಂಖ್ಯೆಯ ಪಕ್ಕದಲ್ಲಿ ಡೈರಿಯಲ್ಲಿ "ಊ" ಎಂದು ಬರೆಯುತ್ತಾಳೆ. ಅದೃಷ್ಟದಿಂದ ಸರಿಯಾದ "ಊ"ಗಳನ್ನೂ ತಪ್ಪಿನ ರಾಶಿಗೇ ಹಾಕಬೇಕೆಂದು ಹೇಳಿದ್ದೇನೆ. ಹಸಿರು ಬಣ್ಣದ ಹಿಂದೆ ಅಡಗಿ ಕೂರುವ ತಪ್ಪುಗಳು ಅವು. ಒಂದು ಪರೀಕ್ಷೆ ನೋಡಿ ಗಾಬರಿಯಾಗಬೇಡ ಎಂದೂ ಹೇಳಿದ್ದೇನೆ. ಒಂದು ಪಾಠದಿಂದ ಬರುವುದು ಎರಡೋ ಮೂರೋ ಪ್ರಶ್ನೆ, ಅದರಲ್ಲಿ ಎರಡು ತಪ್ಪಾದರೆ ಪಟ್ಟಿ ಕೆಂಪಾಗಿಬಿಡುತ್ತದೆ. ಐದಾರು ಪರೀಕ್ಷೆ ಒಟ್ಟಿಗೆ ಇಟ್ಟು ನೋಡದೆ ಅದು ರೋಗವೋ ಒಂದು ದಿನದ ಶೀತವೋ ಹೇಳಲಾಗದು.

ಶೇಕಡದ ಬಳಗದಲ್ಲಿ ಮೊದಲು ಪರೀಕ್ಷೆಗೆ ಐದರಂತೆ ಹೋಗುತ್ತಿದ್ದ ಲೆಕ್ಕಗಳು ಏಳನೆಯದರಲ್ಲಿ ಮೂರಕ್ಕೆ, ಎಂಟನೆಯದರಲ್ಲಿ ಎರಡಕ್ಕೆ ಇಳಿದಿವೆ. ಪರೀಕ್ಷೆಗೆ ಇನ್ನೂ ಎರಡು ತಿಂಗಳಿದೆ. ಭಾವನವರು ಜಾತಕದ ಮಾತು ಎತ್ತಿಲ್ಲ. ಹೋದ ಭಾನುವಾರ ಅವಳೇ ಡೈರಿ ಹಿಡಿದು ಬಂದಳು. ಈಗ ರಾಶಿಯ ಮೇಲಿರುವುದು ಬೇರೆಯೇ ಒಂದು: ತರ್ಕದ ಪ್ರಶ್ನೆಗಳಲ್ಲಿ "ಯಾವುದು ಸರಿಯಲ್ಲ" ಎಂದು ಕೇಳಿದಲ್ಲೆಲ್ಲ ಸರಿಯಾದದ್ದನ್ನೇ ಆರಿಸಿದ್ದಾಳೆ, ಎರಡು ಪರೀಕ್ಷೆಯಲ್ಲಿ ಐದು ಸಲ. "ಇದು ಪಾಠದ ತಪ್ಪಲ್ಲ ಚಿಕ್ಕಮ್ಮ, ಓದೋ ತಪ್ಪು" ಎಂದು ಅವಳೇ ಹೇಳಿದಳು. ಆ ಐದನ್ನೂ ಹೊಸ ಹಾಳೆಗೆ ಇಳಿಸಿಕೊಂಡು, ಕೊನೆಯ ಪದದ ಕೆಳಗೆ ಗೆರೆ ಎಳೆಯುತ್ತಾ ಕುಳಿತಳು.