ದಿಮ್ಮಿಯ ಲೆಕ್ಕ

ಡೊಂಬಿವಲಿಯ ಫ್ಲ್ಯಾಟಿನಲ್ಲಿ ಮರಗೆಲಸಕ್ಕೆ ನನಗಿರುವ ಜಾಗ ಬಾಲ್ಕನಿಯಷ್ಟೇ. ಆದರೂ ರಜೆ ಸಿಕ್ಕರೆ ಕಲ್ಯಾಣದ ಕಡೆಯ ವಖಾರಿಗೆ ಹೋಗಿ, ಕೊಳ್ಳಲಿ ಬಿಡಲಿ, ತೇಗದ ದಿಮ್ಮಿಗಳಿಗೆ ಟೇಪು ಸುತ್ತಿ ಬರುವುದು ನನ್ನ ಚಟ.

ದಿಮ್ಮಿಯ ಬುಡ ದಪ್ಪ, ತುದಿ ಸಣ್ಣ. ಹಾಗಾಗಿ ಸುತ್ತಳತೆಯನ್ನು ನಡುವೆ, ಇಂಚುಗಳಲ್ಲಿ ಹಿಡಿಯಬೇಕು. ಅದರ ಕಾಲು ಭಾಗವನ್ನು ಆ ಕಾಲು ಭಾಗದಿಂದಲೇ ಗುಣಿಸಿ, ಅಡಿಗಳಲ್ಲಿರುವ ಉದ್ದದಿಂದ ಮತ್ತೆ ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ. 18ನೆಯ ಶತಮಾನದ ಇಂಗ್ಲೆಂಡಿನ ಹಾಪಸ್ ಎಂಬಾತನ ಹೆಸರಿನಲ್ಲಿ ನಡೆದುಬಂದ ಲೆಕ್ಕವಿದು. ಸುತ್ತಳತೆ 48 ಇಂಚು, ಉದ್ದ 10 ಅಡಿ ಇದ್ದರೆ ಕಾಲು ಭಾಗ 12. ಉತ್ತರ ಸರಿಯಾಗಿ 10 ಘನ ಅಡಿ. ದುಂಡು ಕಂಬವೆಂದು ಗಣಿಸಿದರೆ ಅದೇ ದಿಮ್ಮಿಯಲ್ಲಿ 12.7 ಘನ ಅಡಿ ಮರವಿದೆ. ನೂರಕ್ಕೆ ಇಪ್ಪತ್ತೊಂದೂವರೆ ಪಾಲನ್ನು ಕೊಯ್ತದ ನಷ್ಟಕ್ಕೆಂದು ಲೆಕ್ಕವೇ ಬಿಟ್ಟುಕೊಟ್ಟಿದೆ.

ಅಷ್ಟು ಸಾಕೇ? ಸಾಲದು. ಈ ದಿಮ್ಮಿಯ ಅಡ್ಡಗಲ 15.3 ಇಂಚು, 12 ಇಂಚಿನ ಚೌಕದ ಮೂಲೆಯಿಂದ ಮೂಲೆಗೆ 17 ಇಂಚು. ದುಂಡಿನೊಳಗೆ ಆ ಚೌಕ ಹಿಡಿಸುವುದೇ ಇಲ್ಲ. ಹಿಡಿಸುವುದು 10.8 ಇಂಚಿನ ಚೌಕ, ಅಂದರೆ 8.1 ಘನ ಅಡಿ. ಅದನ್ನು ಒಂದಿಂಚಿನ ಹಲಗೆಗಳಾಗಿ ಸೀಳುವಾಗ ಗರಗಸ ಪ್ರತಿ ಕೊಯ್ತಕ್ಕೂ ಇಂಚಿನ ಎಂಟರಲ್ಲೊಂದು ಪಾಲನ್ನು ಪುಡಿ ಮಾಡುತ್ತದೆ ಎಂದಿಟ್ಟುಕೊಳ್ಳಿ. ಒಂಬತ್ತು ಹಲಗೆಗಳು ಬರುತ್ತವೆ, ಹತ್ತನೆಯದು ಬರುವುದಿಲ್ಲ. ಕೈಗೆ ಸಿಕ್ಕಿದ್ದು ಸುಮಾರು 6.75 ಘನ ಅಡಿ. ನಾಲ್ಕು ಬದಿಯ ಹೊರತುಂಡುಗಳಲ್ಲಿ ಕಿರಿದಾದ ಪಟ್ಟಿಗಳು ಹುಟ್ಟುತ್ತವೆ ನಿಜ, ಆದರೆ ಅವುಗಳಲ್ಲಿ ಚೇಗಿಗಿಂತ ಹುಳು ಹಿಡಿಯುವ ಬಿಳಿ ಭಾಗವೇ ಹೆಚ್ಚು. ದಿಮ್ಮಿಯ ದರವನ್ನು ಹಲಗೆಯ ದರದೊಂದಿಗೆ ನೇರವಾಗಿ ಹೋಲಿಸಬಾರದು. ಹೊರತುಂಡುಗಳನ್ನು ಬಿಟ್ಟು ನೋಡಿದರೆ, ಇಲ್ಲಿ ದಿಮ್ಮಿಯ ದರ ಹಲಗೆಯಾಗುವ ಹೊತ್ತಿಗೆ ಒಂದೂವರೆ ಪಟ್ಟು. ಕೊಯ್ಯುವ ಕೂಲಿ ಬೇರೆ.

ಹಲಗೆಯ ಲೆಕ್ಕ ಸುಲಭ: ಅಗಲ, ದಪ್ಪ ಇಂಚುಗಳಲ್ಲಿ, ಉದ್ದ ಅಡಿಗಳಲ್ಲಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸುವುದು. ನನ್ನ ಪುಸ್ತಕದ ಕಪಾಟಿಗೆ 10 ಇಂಚು ಅಗಲ, 1 ಇಂಚು ದಪ್ಪ, 3 ಅಡಿ ಉದ್ದದ ಆರು ಹಲಗೆ ಬೇಕಿತ್ತು. ಕಾಗದದ ಮೇಲೆ 1.25 ಘನ ಅಡಿ. ಆದರೆ ಕೊಯ್ದ ಹಲಗೆಯ ಮೈ ಒರಟು. ಎರಡೂ ಮುಖಕ್ಕೆ ಹತ್ತರಿ ಹಿಡಿದು ನುಣುಪು ಮಾಡಲು ದಪ್ಪದಲ್ಲಿ ಕಾಲಿಂಚು, ಅಂಚು ನೇರ ಮಾಡಲು ಅಗಲದಲ್ಲಿ ಅರ್ಧ ಇಂಚು ಸೇರಿಸಿದೆ. ಲೆಕ್ಕ 1.64ಕ್ಕೆ ಏರಿತು. ಅಗಲಕ್ಕೆ ಸೇರಿಸಿದ ಅರ್ಧ ಇಂಚಿನಿಂದ ಏರಿದ್ದು ಅಲ್ಪ. ದಪ್ಪಕ್ಕೆ ಸೇರಿಸಿದ ಕಾಲಿಂಚೊಂದೇ ಮರವನ್ನು ಕಾಲು ಪಾಲು ಹೆಚ್ಚಿಸುತ್ತದೆ. ಅದಕ್ಕೇ ನಾನೀಗ ಕಪಾಟಿನ ಚಿತ್ರ ಬರೆಯುವಾಗ ಮೊದಲು ಕೇಳಿಕೊಳ್ಳುವುದು, ಮುಕ್ಕಾಲು ಇಂಚಿನ ಹಲಗೆ ಈ ಪುಸ್ತಕಗಳ ಭಾರ ಹೊರುತ್ತದೆಯೇ ಎಂದು. ಹೊರುವುದಾದರೆ ಒಂದಿಂಚಿನ ಕೊಯ್ತವೇ ಸಾಕು, ಉಳಿದ ದುಡ್ಡಿಗೆ ಪುಸ್ತಕ ಕೊಳ್ಳಬಹುದು.